ಖಂಡಪ್ಪನ ಉದ್ದ ಸಹಿ

ಮುಂಬಯಿಯ ಶಿವಡಿಯ ಗೋದಾಮು ಕಾಯುವ ಖಂಡಪ್ಪ ನನ್ನನ್ನು ಮೊದಲ ಸಲ ಕಂಡಾಗ ಒಳಗೆ ಬಿಡಲಿಲ್ಲ. ನನ್ನ ಇಪ್ಪತ್ತೆರಡು ವರ್ಷದ ವಿಮಾ ಸರ್ವೇಯರ್ ಕೆಲಸದಲ್ಲಿ ಹಡಗು ಹತ್ತಿದ್ದೇನೆ, ಬೆಂಕಿ ಬಿದ್ದ ಮಿಲ್ಲಿನೊಳಗೆ ನುಗ್ಗಿದ್ದೇನೆ, ಪೊಲೀಸರು ಬೀಗ ಜಡಿದ ಬಾಗಿಲು ತೆಗೆಸಿದ್ದೇನೆ. ಮೆಣಸಿನಕಾಯಿ ಗೋದಾಮಿನ ಮುಂದೆ ಕಾಲು ಗಂಟೆ ಮಳೆಯಲ್ಲಿ ನಿಂತದ್ದು ಅದೊಂದೇ ಸಲ.

೧೯೮೭ರ ಜೂನ್ ತಿಂಗಳು. ಮಸ್ಜಿದ್ ಬಂದರಿನ ಹಂಸರಾಜ ಶೇಠ್ ಎಂಬ ಕಚ್ಛೀ ವ್ಯಾಪಾರಿ ಬ್ಯಾಡಗಿಯಿಂದ ಇನ್ನೂರು ಚೀಲ ಒಣಮೆಣಸಿನಕಾಯಿ ತರಿಸಿದ್ದರು. ಲಾರಿ ಖಂಡಾಲಾ ಘಾಟಿಯಲ್ಲಿ ಮೊದಲ ಮಳೆಗೆ ಸಿಕ್ಕಿಬಿದ್ದು, ಮೇಲೆ ಹೊದಿಸಿದ್ದ ತಾಡಪತ್ರಿ ಹರಿದು, ಸರಕು ನೆನೆದು ಶನಿವಾರ ಗೋದಾಮಿಗೆ ಬಂತು. ಸೋಮವಾರ ಶೇಠ್ ವಿಮಾ ಕಂಪನಿಗೆ ಫೋನು ಮಾಡಿ, ಕಾಗದವನ್ನೂ ಕೊಟ್ಟರು. ಕಂಪನಿಯವರು ನಷ್ಟ ನೋಡಿ ಬಾ ಎಂದು ನನ್ನನ್ನು ನೇಮಿಸಿದರು. ಮಂಗಳವಾರ ಬೆಳಿಗ್ಗೆ ಮಾಟುಂಗದಿಂದ ಹೊರಟೆ. ಲೋಕಲ್ ತಡ, ರಸ್ತೆ ಹೊಳೆ, ಗೋದಾಮು ಮುಟ್ಟುವಷ್ಟರಲ್ಲಿ ಛತ್ರಿಯ ಎರಡು ಕಡ್ಡಿ ಮುರಿದಿದ್ದವು. ಬಾಗಿಲ ಮುಂದಿನ ಗುಂಡಿಗೆ ಕಾಲಿಟ್ಟು ಮೊಣಕಾಲವರೆಗೆ ಇಳಿದಾಗ ನನ್ನ ಬಾಯಿಂದ ಅಚ್ಚಗನ್ನಡದಲ್ಲಿ ಬಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಬಾಗಿಲ ಸಂದಿಯಲ್ಲಿ ಒಂದು ಮುಖ ನಕ್ಕಿತು. "ಕನ್ನಡದವ್ರೇನ್ರಿ?"

"ಹೌದಪ್ಪಾ, ಸರ್ವೇಯರ್ ನಾನು. ಸೀತಾರಾಮ. ಬಾಗಿಲು ತೆಗಿ."

"ಕನ್ನಡದವ್ರಾದ್ರೇನಾತ್ರಿ, ಕಾಗದ ತೋರಸ್ರಿ. ಸರ್ವೇ ಸಾಹೇಬ್ರು ಬರೂಮಟಾ ಯಾರನ್ನೂ ಬಿಡಬ್ಯಾಡ ಅಂದಾರ ಶೇಠ್ರು."

"ಆ ಸಾಹೇಬನೇ ನಾನು!"

ಅವನು ನನ್ನ ಚಪ್ಪಲಿ ನೋಡಿದ, ಮಡಚಿದ ಪ್ಯಾಂಟು ನೋಡಿದ, ಮುರಿದ ಛತ್ರಿ ನೋಡಿದ. ನಂಬಿಕೆ ಬರಲಿಲ್ಲ. ವಿಮಾ ಕಂಪನಿಯ ಪತ್ರ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಲ್ಲೇ ನಿಂದರ್ರಿ" ಎಂದು ಬೀಗ ಹಾಕಿಕೊಂಡು ಪಕ್ಕದ ಚಹಾ ಅಂಗಡಿಗೆ ಹೋಗಿ ಶೇಠ್‌ಗೆ ಫೋನು ಮಾಡಿ ಬಂದ. ಆಮೇಲೆ ಬಾಗಿಲು ತೆಗೆದು, ಒಂದು ಒಣ ಟವೆಲ್ಲು ಕೊಟ್ಟು, "ಸಿಟ್ಟಾಗಬ್ಯಾಡ್ರಿ" ಎಂದ. ನನಗೆ ಸಿಟ್ಟು ಬಂದಿತ್ತು. ಟವೆಲ್ಲಿಗೂ ಮೆಣಸಿನಕಾಯಿ ಘಾಟು ಹತ್ತಿತ್ತು, ಮುಖ ಒರೆಸಿಕೊಂಡ ಮೇಲೆ ಇನ್ನಷ್ಟು ಬಂತು.

ಆದರೆ ಗೋದಾಮಿನೊಳಗೆ ಹತ್ತು ಹೆಜ್ಜೆ ಇಟ್ಟ ಕೂಡಲೇ ಸಿಟ್ಟು ಇಳಿಯಿತು. ಇಂಥ ಜಾಗಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅನಾಹುತ ಕಾಣುತ್ತೇನೆ. ಒಂದು, ಸರ್ವೇಯರ್ ಬರಲಿ ಎಂದು ಎಲ್ಲವನ್ನೂ ಹಾಗೇ ಬಿಟ್ಟು, ಉಳಿಯಬಹುದಾದ ಸರಕನ್ನೂ ಕೊಳೆಸುವುದು. ಇನ್ನೊಂದು, ಎಲ್ಲವನ್ನೂ ಒಣಗಿಸಿ ಗುಡಿಸಿ ಚೊಕ್ಕ ಮಾಡಿ, ನೆನೆದದ್ದು ಯಾವುದು ಎಂಬ ಗುರುತೇ ಇಲ್ಲದಂತೆ ಮಾಡುವುದು. ಖಂಡಪ್ಪ ಎರಡನ್ನೂ ಮಾಡಿರಲಿಲ್ಲ. ಒಣ ಚೀಲಗಳನ್ನು ಒಂದು ಗೋಡೆಗೆ ಹಲಗೆಯ ಮೇಲೆ ಜೋಡಿಸಿದ್ದ. ತೊಯ್ದ ನಲವತ್ತು ಚೀಲ ಬೇರೆ. ಅವುಗಳಲ್ಲಿ ಐದನ್ನು ಮಾತ್ರ ಲಾರಿಯಿಂದ ಇಳಿದ ಹಾಗೇ ಬಾಯಿ ಹೊಲಿದೇ ಇಟ್ಟು, ಉಳಿದವನ್ನು ಬಿಚ್ಚಿ ನೆಲದ ಮೇಲೆ ತೆಳ್ಳಗೆ ಹರವಿ, ಎರಡು ಫ್ಯಾನು ಹಚ್ಚಿದ್ದ. ಖಾಲಿ ಚೀಲಗಳ ಮೇಲೆ ಸೀಮೆಸುಣ್ಣದ ಗುರುತು ಇತ್ತು.

"ಇದೇನು ಗುರುತು?"

"ಲಾರ‍್ಯಾಗ ಎಲ್ಲಿದ್ದೂ ಅಂತ್ರಿ. ಎಲ್ಲಾ ಮ್ಯಾಲಿನ ಥರದವ, ಎಡಗಡೆದವು. ಅಲ್ಲೇ ತಾಡಪತ್ರಿ ಹರದಿತ್ತು."

"ಒಣಗಿಸೋಕೆ ಯಾರು ಹೇಳಿದ್ರು?"

ಅವನ ಮುಖ ಸಣ್ಣದಾಯಿತು. "ಶೇಠ್ರು ಮುಟ್ಟಬ್ಯಾಡ ಅಂದಿದ್ರು. ಖರೆ, ಮೂರ ದಿನ ಚೀಲದಾಗ ಇಟ್ರ ಬೂಸ್ಟ ಹಿಡದ ಸತ್ತ ಹೋಗತಾವ್ರಿ. ಕಣ್ಣಾರೆ ನೋಡಕೋತ ಹೆಂಗ ಕೂಡ್ರೂದು? ನಿಮಗ ತೋರ್ಸಾಕ ಐದ ಬಿಟ್ಟೀನಿ. ತಪ್ಪಾತೇನ್ರಿ?"

ತಪ್ಪಾಗಿರಲಿಲ್ಲ. ವಿಮೆ ಮಾಡಿಸಿದವನು ವಿಮೆಯೇ ಇಲ್ಲ ಎಂಬಂತೆ ಸರಕು ಉಳಿಸಿಕೊಳ್ಳಲು ಒದ್ದಾಡಬೇಕು ಎನ್ನುವುದು ಪಾಲಿಸಿಯ ಹಿಂದೆ ಇರುವೆ ಸಾಲಿನಂತೆ ಅಚ್ಚಾಗಿರುತ್ತದೆ. ಯಾರೂ ಓದುವುದಿಲ್ಲ. ಈ ಮನುಷ್ಯ ಓದದೆಯೇ ಮಾಡಿದ್ದ. ಹಾಗಂತ ಅವನಿಗೆ ಹೇಳಿದೆ, ಅವನ ಹೆಂಡತಿ ದೇವಕ್ಕನಿಗೂ ಕೇಳುವ ಹಾಗೆ ಗಟ್ಟಿಯಾಗಿ. ಗೋದಾಮಿನ ಒಳಗೇ ಮರದ ಮೆಟ್ಟಿಲು ಹತ್ತಿದರೆ ಅಟ್ಟ, ಅದೇ ಅವರ ಮನೆ. ಕೆಲಸ ಇರುವಷ್ಟು ದಿನ ಬಾಡಿಗೆ ಇಲ್ಲ. ಮುಂಬಯಿಯಲ್ಲಿ ಬಾಡಿಗೆಯಿಲ್ಲದ ಅಟ್ಟ ಎಂದರೇನು ಎಂದು ಆ ಊರಿನವರಿಗೆ ವಿವರಿಸಬೇಕಿಲ್ಲ.

ಚೀಲ ಎಣಿಸಿದೆ, ತೂಗಿಸಿದೆ, ಸ್ಯಾಂಪಲ್ ಕಟ್ಟಿಸಿದೆ. ಜಂಟಿ ಸರ್ವೇಗೆ ನಿಮ್ಮವರೊಬ್ಬರನ್ನು ಕಳಿಸಿ ಎಂದು ಶೇಠ್ ಟ್ರಾನ್ಸ್‌ಪೋರ್ಟಿನವರಿಗೆ ಕಾಗದ ಬರೆದಿದ್ದರು, ಅವರಿಂದ ಯಾರೂ ಬರಲಿಲ್ಲ. ಕೊನೆಗೆ ನನ್ನ ಮುಖ್ಯ ಪ್ರಶ್ನೆ ಕೇಳಿದೆ.

"ಸರಕು ಮುಟ್ಟಿತು ಅಂತ ಲಾರಿ ರಸೀದಿಗೆ ಸಹಿ ಹಾಕ್ದೆಯಲ್ಲ, ಅದರ ಮೇಲೆ ಏನಾದ್ರೂ ಬರೆದೆಯಾ? ಚೀಲ ತೊಯ್ದಿವೆ ಅಂತ?"

"ಬರದೀನ್ರಿ."

"ಸರಿಯಾಗಿ ಬರೆದೆಯಾ?"

"ಎಲ್ಲಾ ಬರದೀನಿ. ಬರೀದ ಹೆಂಗ ಬಿಡ್ಲಿ?"

ಸಂತೋಷವಾಯಿತು. ಏಕೆಂದರೆ ಈ ವ್ಯವಹಾರದಲ್ಲಿ ಎಲ್ಲ ನಿಂತಿರುವುದು ಆ ಒಂದು ಸಾಲಿನ ಮೇಲೆ. ವಿಮಾ ಕಂಪನಿ ಶೇಠ್‌ಗೆ ಕೊಡುವುದನ್ನು ಆಮೇಲೆ ಟ್ರಾನ್ಸ್‌ಪೋರ್ಟಿನವರಿಂದ ವಸೂಲು ಮಾಡಲು ನೋಡುತ್ತದೆ. "ಎಲ್ಲ ಸರಿಯಿದೆ" ಎಂಬಂತೆ ಬರೀ ಸಹಿ ಹಾಕಿ ಕಳಿಸಿಬಿಟ್ಟರೆ ಟ್ರಾನ್ಸ್‌ಪೋರ್ಟಿನವನು ಕೈ ಝಾಡಿಸಿಕೊಂಡು, ನೀರು ಬಿದ್ದದ್ದು ನಿಮ್ಮ ಗೋದಾಮಿನಲ್ಲೇ ಎನ್ನುತ್ತಾನೆ. ಆಗ ವಿಮಾ ಕಂಪನಿ, ನಮ್ಮ ವಸೂಲಿಯ ದಾರಿ ಮುಚ್ಚಿದವರು ನೀವೇ ಎಂದು ಶೇಠ್‌ನ ಕ್ಲೇಮಿಗೆ ಕತ್ತರಿ ಹಾಕುತ್ತದೆ. "ಡೆಲಿವರಿ ವೇಳೆ ರಸೀದಿಯ ಮೇಲೆ ನಷ್ಟದ ಷರಾ ಬರೆಯಲಾಗಿದೆ" ಎಂದು ನನ್ನ ಮೊದಲ ವರದಿಯಲ್ಲಿ ಧೈರ್ಯವಾಗಿ ಬರೆದೆ. ರಸೀದಿಯ ಆ ಪ್ರತಿ ಟ್ರಾನ್ಸ್‌ಪೋರ್ಟಿನವರ ಬಳಿ ಇತ್ತು, ನಾನು ಕಣ್ಣಿಂದ ನೋಡಿರಲಿಲ್ಲ. ಇಪ್ಪತ್ತೆರಡು ವರ್ಷ ಸರ್ವೀಸಾದವನು ಮಾಡಬಾರದ ತಪ್ಪು. ಟವೆಲ್ಲು ಕೊಟ್ಟವನ ಮೇಲೆ ವಿಶ್ವಾಸ ಬಂದುಬಿಟ್ಟಿತ್ತು.

ಮುಂದಿನ ವಾರವಿಡೀ ಉಳಿದ ಸರಕಿನ ಏರ್ಪಾಡು. ನಲವತ್ತರಲ್ಲಿ ಒಂಬತ್ತು ಚೀಲದ ಮಾಲು ಬೂಸ್ಟು ಹಿಡಿದು ಕೆಟ್ಟಿತ್ತು. ಅದನ್ನು ಯಾರ ಸಾರಿಗೂ ಹೋಗದಂತೆ ನನ್ನೆದುರೇ ಟೆಂಪೋಗೆ ಹಾಕಿಸಿ ದೇವನಾರಿನ ಕಸದ ಗುಡ್ಡೆಗೆ ಕಳಿಸಿದೆವು. ಉಳಿದ ಮೂವತ್ತೊಂದು ಚೀಲದ್ದು ಬಣ್ಣ ಮಂಕಾಗಿತ್ತು, ತಿನ್ನಲು ಅಡ್ಡಿಯಿಲ್ಲ. ಮೂರು ವ್ಯಾಪಾರಿಗಳಿಂದ ದರ ಬರೆಸಿ ತರಿಸಿ, ವಿಮಾ ಕಂಪನಿಯ ಒಪ್ಪಿಗೆ ಪಡೆದು, ಹೆಚ್ಚು ಹೇಳಿದ ಕುರ್ಲಾದ ಮಸಾಲೆ ಗಿರಣಿಯವನಿಗೆ ಮಾರಿಸಿದೆ. ಮಾರಿ ಬಂದದ್ದನ್ನು ಒಟ್ಟು ನಷ್ಟದಲ್ಲಿ ಕಳೆಯಬೇಕು. ಆ ಎಂಟು ದಿನವೂ ಖಂಡಪ್ಪ ಮೆಣಸಿನಕಾಯಿಯನ್ನು ಮಗುಚಿ ಹಾಕುತ್ತಿದ್ದ, ನಾನು ಸೀನುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಸುಬ್ಬಲಕ್ಷ್ಮಿ ನನ್ನ ಅಂಗಿಗಳನ್ನು ಬಾಗಿಲ ಹೊರಗೇ ಬಿಚ್ಚಿಸುತ್ತಿದ್ದಳು.

ಎಲ್ಲ ಮುಗಿಯಿತು ಅನ್ನುವಾಗ ವಿಮಾ ಕಂಪನಿಯ ಅಧಿಕಾರಿಯ ಫೋನು ಬಂತು. ಟ್ರಾನ್ಸ್‌ಪೋರ್ಟಿನವರು ಶೇಠ್‌ನ ನಷ್ಟಪರಿಹಾರದ ನೋಟೀಸಿಗೆ ಉತ್ತರ ಬರೆದಿದ್ದರು. ನಿಮ್ಮ ಮನುಷ್ಯ ಯಾವ ಆಕ್ಷೇಪಣೆಯೂ ಇಲ್ಲದೆ ಸಹಿ ಮಾಡಿ ಸರಕು ಇಳಿಸಿಕೊಂಡಿದ್ದಾನೆ, ನಮ್ಮ ಹೊಣೆ ಇಲ್ಲ ಎಂದು. "ಮಿಸ್ಟರ್ ಸೀತಾರಾಮ, ಷರಾ ಇದೆ ಅಂತ ನೀವು ಬರೆದಿದ್ದೀರಿ. ಎಲ್ಲಿದೆ?" ಎಂದ ಅಧಿಕಾರಿ. ದನಿಯಲ್ಲಿ ಮರ್ಯಾದೆ ಇತ್ತು, ಮರ್ಯಾದೆಯಲ್ಲಿ ಕೊಂಕೂ ಇತ್ತು.

ನನ್ನ ಮೈ ಉರಿದುಹೋಯಿತು. ಆ ಖಂಡಪ್ಪ ನನ್ನ ಕಣ್ಣಿಗೆ ಮಣ್ಣೆರಚಿದ ಎಂದುಕೊಂಡೆ. ಸೀದಾ ಶಿವಡಿಗೆ ಹೋದೆ.

ಅಟ್ಟದಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು. ಮೆಟ್ಟಿಲ ಕೆಳಗೆ ಖಂಡಪ್ಪ ಕೈಕಟ್ಟಿ ನಿಂತಿದ್ದ. ನನಗಿಂತ ಮೊದಲೇ ಶೇಠ್ ಬಂದು ಹೋಗಿದ್ದರು. ಈ ತಿಂಗಳು ಮುಗಿಯುತ್ತಲೇ ಅಟ್ಟ ಖಾಲಿ ಮಾಡು, ಬರೆಯದೇ ಬರೆದೆ ಅನ್ನುವವನು ನನಗೆ ಬೇಡ ಎಂದಿದ್ದರು. ಹದಿನಾಲ್ಕು ವರ್ಷದ ಕೆಲಸ. ಮೇಲೆ ದೇವಕ್ಕ ಅಡಿಗೆ ಸಾಮಾನನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಹೋಗುವುದೆಲ್ಲಿಗೆ ಎಂದು ಕೇಳಿದೆ. ಧಾರಾವಿಯಲ್ಲಿ ಅವಳ ತಂಗಿಯ ಒಂದೇ ಕೋಣೆಯ ಖೋಲಿ, ಅಲ್ಲಿ ಆಗಲೇ ಏಳು ಮಂದಿ.

"ನನಗೂ ಸುಳ್ಳು ಹೇಳ್ದೆಯಲ್ಲೋ!" ಎಂದು ಕೂಗಿದೆ. "ಬರೆದೀನಿ ಅಂದೆ, ನಿನ್ನ ಮಾತು ನಂಬಿ ನಾನೂ ಬರೆದೆ. ಅಲ್ಲಿ ಬರೀ ಸಹಿ ಇದೆಯಂತೆ."

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು, ಅದು ಮೆಣಸಿನಕಾಯಿಯದ್ದಲ್ಲ. "ನಮ್ಮವ್ವನ ಆಣಿರೀ ಸಾಹೇಬ್ರ. ಬರದೀನಿ. ಕಾಗದದ ತಳಾಗ, ಬಾಜೂಕ, ಜಾಗಾ ಇದ್ದಲ್ಲೆಲ್ಲಾ ಬರದೀನಿ. ಶೇಠ್‌ಗೂ ಇದ ಹೇಳ್ದೆ. ಅವ್ರು ಟ್ರಾನ್ಸ್‌ಪೋರ್ಟಿಗೆ ಫೋನ್ ಮಾಡಿದ್ರು. ಏನೂ ಬರದಿಲ್ಲ, ಉದ್ದ ಸಹಿ ಅಷ್ಟ ಐತಿ ಅಂದ್ರಂತ."

ಉದ್ದ ಸಹಿ. ನನ್ನ ಸಿಟ್ಟು ಬಾಯಿಗೆ ಬಂದದ್ದು ಅಲ್ಲೇ ನಿಂತಿತು.

"ಖಂಡಪ್ಪಾ, ಯಾವ ಭಾಷೇಲಿ ಬರೆದೆ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಕನ್ನಡದಾಗ್ರಿ. ನನಗ ಬ್ಯಾರೆ ಯಾವ್ದು ಬರ್ತೈತಿ?"

ಮೂವತ್ತು ದಾಟುವವರೆಗೆ ಅವನು ಹೆಬ್ಬೆಟ್ಟು ಒತ್ತುತ್ತಿದ್ದನಂತೆ. ನಾಲ್ಕು ವರ್ಷದ ಹಿಂದೆ ವಡಾಳಾದಲ್ಲಿ ಕನ್ನಡ ಸಂಘದವರು ನಡೆಸುವ ಶಾಲೆಗೆ ಸಂಜೆ ಹೋಗಿ ಅಕ್ಷರ ಕಲಿತ. ಅಲ್ಲಿನ ಮಾಸ್ತರು ಹೇಳಿದ್ದರಂತೆ, ಏನನ್ನೂ ಓದದೆ ಸಹಿ ಮಾಡಬೇಡ, ಕಂಡದ್ದನ್ನು ಬರೆದು ಸಹಿ ಮಾಡು. ರಸೀದಿ ಇಂಗ್ಲಿಷಿನಲ್ಲಿರುತ್ತದೆ, ಓದಲು ಬರದು. ಹಾಗಾಗಿ ಮಾತಿನ ಎರಡನೆಯ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡ. ಶೇಠ್ ಕೇಳಿದ್ದು ಬರೆದೆಯಾ ಎಂದು. ನಾನು ಕೇಳಿದ್ದೂ ಅದನ್ನೇ. ಯಾವ ಲಿಪಿಯಲ್ಲಿ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಶೇಠ್ ಹೋಗಲಿ, ಅವನೊಂದಿಗೆ ಎಂಟು ದಿನ ಕನ್ನಡದಲ್ಲೇ ಮಾತಾಡಿದ ನನಗೂ ಹೊಳೆಯಲಿಲ್ಲವಲ್ಲ! ನಾಚಿಕೆಯಾಯಿತು.

ಟ್ರಾನ್ಸ್‌ಪೋರ್ಟ್ ಆಫೀಸು ವಡಾಳಾದಲ್ಲೇ. ಮ್ಯಾನೇಜರು ಕೆಟ್ಟ ಮನುಷ್ಯನಲ್ಲ, ಕೆಲಸ ಹೆಚ್ಚಾಗಿ ಬೇಸತ್ತ ಮನುಷ್ಯ. ಸಮೀಕ್ಷೆಗೆ ಮೂಲ ರಸೀದಿ ನೋಡಬೇಕು ಎಂದೆ. ಫೈಲು ತರಿಸಿ ನನ್ನ ಮುಂದೆ ಹಾಕಿ, "ದೇಖ್ ಲೋ ಸಾಬ್, ಸಿರ್ಫ್ ಸೈನ್ ಹೈ", ಬರೀ ಸಹಿ ಇದೆ ನೋಡಿ, ಎಂದ.

ನೋಡಿದೆ. ರಸೀದಿಯ ತಳದಿಂದ ಶುರುವಾಗಿ, ಎಡದ ಅಂಚು ಹತ್ತಿ, ಮೇಲಿನ ಮೂಲೆಯವರೆಗೆ ದುಂಡಗೆ ಹಬ್ಬಿದ ಕನ್ನಡ. ಕುಣಿಯುವಂತಾಯಿತು. ಓದಲು ಬಾಯಿ ತೆರೆದವನು ತಡೆದುಕೊಂಡೆ. ನಾನು ಸರ್ವೇಯರ್, ಮೇಲಾಗಿ ಕನ್ನಡದವನು. ನಾನು ಓದಿದರೆ ನಿನ್ನ ಭಾಷೆಯವನ ಪರವಾಗಿ ಓದಿದೆ ಎನ್ನುತ್ತಾರೆ.

"ಇದು ಸಹಿ ಅಲ್ಲ, ಬರಹ" ಎಂದು ಹಿಂದಿಯಲ್ಲಿ ಹೇಳಿದೆ. "ನಾನು ಓದೋದು ಬೇಡ. ಕೆಳಗಿನ ಉಡುಪಿ ಹೋಟೆಲಿಂದ ನಿಮಗೆ ಗುರುತಿರೋ ಯಾರನ್ನಾದ್ರೂ ನೀವೇ ಕರೆಸಿ."

ಮ್ಯಾನೇಜರು ದಿನಾ ಚಹಾ ತರುವ ಪೂವಪ್ಪನನ್ನೇ ಕರೆಸಿದ. ಮಂಗಳೂರಿನ ಕಡೆಯವನು, ಐವತ್ತು ದಾಟಿದವನು. ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದ.

"ನಲವತ್ತ ಚೀಲ ಮಳಿ ನೀರಾಗ ತೊಯ್ದಾವ," ಎಂದು ನಿಧಾನಕ್ಕೆ ಓದಿದ. "ಮಳಿ ಅಂದ್ರೆ ಎಂತ ಮಾರಾಯ್ರೆ? ಮಳೆಯಾ?"

"ಮಳೆಯೇ. ಮುಂದೆ ಓದಿ."

"ಮ್ಯಾಲಿನ ಥರ, ಎಡಗಡಿ. ತಾಡಪತ್ರಿ ಹರದೈತಿ. ಡ್ರೈವರಗ ತೋರ್ಸೀನಿ, ಹೌದ ಅಂದಾನ. ಖಂಡಪ್ಪ." ಪೂವಪ್ಪ ಮ್ಯಾನೇಜರಿನ ಕಡೆ ತಿರುಗಿ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದ. ಹೇಳಿ, "ಪಾಪ, ಲಾಯ್ಕಲ್ಲಿ ಬರೆದಿದ್ದಾನೆ" ಎಂದು ಸೇರಿಸಿದ.

ಮ್ಯಾನೇಜರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ತಾನೇ ಎದ್ದು ಕಪಾಟಿನಿಂದ ಹಂಸರಾಜ ಶೇಠ್‌ನ ಹಳೆಯ ಫೈಲು ತಂದ. ಮೂರು ವರ್ಷದ ರಸೀದಿಗಳು. ಎಲ್ಲದರ ಮೇಲೂ ಆ ಉದ್ದ ಸಹಿ. "ಯೇ ಭೀ ಪಢೋ", ಇವನ್ನೂ ಓದು, ಎಂದ ಪೂವಪ್ಪನಿಗೆ.

ಪೂವಪ್ಪ ಓದುತ್ತಾ ಹೋದ. "ಎಲ್ಲಾ ಬರೋಬ್ಬರಿ ಐತಿ." "ಮೂರ ಚೀಲದ ಹೊಲಗಿ ಬಿಚ್ಚಿತ್ತು, ನಾನ ಹೊಲದೀನಿ." "ಒಂದ ಚೀಲ ಕಡಿಮಿ. ಡ್ರೈವರಗ ಕೇಳಿದ್ರ ಸಿಟ್ಟ ಮಾಡ್ಯಾನ." "ಡ್ರೈವರಗ ಭಾಳ ಜ್ವರ ಇತ್ತು. ಚಾ ಕುಡಿಸಿ ಎರಡ ತಾಸ ಮಲಗಿಸಿ ಕಳಿಸೀನಿ, ತಡಾ ಆಗೇತಿ ಅಂತ ಅವಂಗ ಬೈಬ್ಯಾಡ್ರಿ."

ಈ ಕೊನೆಯದನ್ನು ಕೇಳಿ ಮ್ಯಾನೇಜರು ತಲೆಯ ಮೇಲೆ ಕೈ ಇಟ್ಟುಕೊಂಡ. ಆ ಡ್ರೈವರಿಗೆ ತಡವಾಯಿತೆಂದು ಅವನೇ ಬೈದಿದ್ದನಂತೆ. ಪೂವಪ್ಪ ಬರುವಾಗ ತಂದಿದ್ದ ಚಹಾ ತಣ್ಣಗಾಗಿತ್ತು. ಮೂರು ವರ್ಷ ಒಬ್ಬ ಮನುಷ್ಯ ಈ ಆಫೀಸಿಗೆ ಕಾಗದ ಬರೆಯುತ್ತಲೇ ಇದ್ದ, ಇವರು ಅದನ್ನು ಪಂಚ್ ಮಾಡಿ ದಾರ ಕಟ್ಟಿ ಇಡುತ್ತಲೇ ಇದ್ದರು.

ಆಮೇಲಿನ ಕೆಲಸ ಸಲೀಸಾಯಿತು. ಪೂವಪ್ಪ ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸಿ ಅವನ ಸಹಿ ಹಾಕಿಸಿದೆ. ಮ್ಯಾನೇಜರು ರಸೀದಿಯ ಝೆರಾಕ್ಸಿಗೆ ತನ್ನ ಠಸ್ಸೆ ಒತ್ತಿ, ನಲವತ್ತು ಚೀಲ ನೆನೆದು ತಲುಪಿದವು ಎಂದು ಡ್ಯಾಮೇಜ್ ಸರ್ಟಿಫಿಕೇಟು ಕೊಟ್ಟ. ಹಣದ ವಿಷಯ ನಮ್ಮ ದೊಡ್ಡವರು ನಿಮ್ಮ ದೊಡ್ಡವರು ನೋಡಿಕೊಳ್ಳಲಿ ಎಂದ. ಅಷ್ಟೇ ಸಾಕು. ಟ್ರಾನ್ಸ್‌ಪೋರ್ಟಿನವರಿಗೆ ಆರು ತಿಂಗಳೊಳಗೆ ಬರಹದಲ್ಲಿ ನೋಟೀಸು ಹೋಗಬೇಕು ಎನ್ನುತ್ತದೆ ಕಾನೂನು. ಶೇಠ್‌ನ ರಿಜಿಸ್ಟರ್ಡ್ ನೋಟೀಸು ಎರಡು ವಾರದೊಳಗೇ ಮುಟ್ಟಿತ್ತು. ಖಂಡಪ್ಪನ ಷರಾ ಚೀಲ ಇಳಿದ ಗಳಿಗೆಯಲ್ಲೇ ಮುಟ್ಟಿತ್ತು.

ಮಸ್ಜಿದ್ ಬಂದರಿನ ತಮ್ಮ ಅಂಗಡಿಯ ಗಾದಿಯಲ್ಲಿ ಹಂಸರಾಜ ಶೇಠ್ ಆ ಝೆರಾಕ್ಸನ್ನು ಬಹಳ ಹೊತ್ತು ನೋಡಿದರು. "ಮೈನೇ ಉಸ್ಕೋ ಝೂಠಾ ಬೋಲಾ," ಎಂದರು. ಅವನನ್ನು ಸುಳ್ಳ ಎಂದುಬಿಟ್ಟೆ ಎಂದು ಎರಡು ಸಲ ಹೇಳಿದರು. ಲೆಕ್ಕ ಬರೆಯುವ ಮುನೀಮನನ್ನು ಕರೆದು, ಇನ್ನು ಮೇಲೆ ಖಂಡಪ್ಪ ಬರೆದದ್ದರ ಕೆಳಗೆ ಅದನ್ನೇ ಹಿಂದಿಯಲ್ಲಿ ಬರೆಯಲು ನಿನ್ನ ಕಡೆಯ ಒಬ್ಬ ಮನುಷ್ಯ ಗೋದಾಮಿಗೆ ಹೋಗಬೇಕು ಎಂದು ಅಪ್ಪಣೆ ಮಾಡಿದರು. ಮುನೀಮನ ಮುಖ ನೋಡಬೇಕಿತ್ತು! ಶೇಠ್ ತಾವೇ ಟ್ಯಾಕ್ಸಿ ಹಿಡಿದು ನನ್ನೊಂದಿಗೆ ಶಿವಡಿಗೆ ಹೊರಟರು. ಆ ಗಾದಿಯವರು ಟ್ಯಾಕ್ಸಿ ಹಿಡಿಯುವುದು ಮದುವೆಗೆ ಮಾತ್ರ.

ಗೋದಾಮಿನ ಬಾಗಿಲಲ್ಲೇ ಶೇಠ್ ಖಂಡಪ್ಪನ ಎರಡೂ ಕೈ ಹಿಡಿದುಕೊಂಡು, ನೀನು ಎಲ್ಲಿಗೂ ಹೋಗಬೇಡ, ತಪ್ಪು ನನ್ನದು ಎಂದರು. ಖಂಡಪ್ಪ ನನ್ನ ಮುಖ ನೋಡಿದ.

"ಓದಿದ್ರು ಖಂಡಪ್ಪ," ಎಂದೆ. "ಎಲ್ಲಾ ಓದಿದ್ರು. ಮೂರು ವರ್ಷದ್ದೂ."

"ಎಲ್ಲಾನೂ?"

"ಎಲ್ಲಾನೂ."

ಅವನು ಗಾಬರಿಯಾದ. "ಆ ಜ್ವರದ ಡ್ರೈವರಗ ಬೈದಿಲ್ಲಲ್ರಿ?"

ನಿಜ ಹೇಳಲಾರದೆ ಹೋದೆ. "ಇಲ್ಲ," ಎಂದೆ. ಸರ್ವೇಯರಾಗಿ ಆ ತಿಂಗಳು ನಾನು ಕೊಟ್ಟ ಸುಳ್ಳು ವರದಿ ಅದೊಂದೇ.

ಖಂಡಪ್ಪ ಉಸಿರು ಬಿಟ್ಟು ಅಲ್ಲೇ ಒಂದು ಚೀಲದ ಮೇಲೆ ಕುಳಿತುಬಿಟ್ಟ. ಮೇಲೆ ಅಟ್ಟದಲ್ಲಿ ದೇವಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಗೋಣಿಚೀಲದ ಬಾಯಿ ಬಿಚ್ಚಿ, ಒಂದೊಂದೇ ಪಾತ್ರೆ ತೆಗೆದು, ಸೆರಗಿನಿಂದ ಒರೆಸಿ, ಹಲಗೆಯ ಮೇಲೆ ಮೊದಲಿದ್ದ ಕಡೆಗೇ ಇಡುತ್ತಾ ಹೋದಳು. ನಾವು ಮೂವರೂ ಕೆಳಗಿನಿಂದಲೇ, ಕೊನೆಯ ತಂಬಿಗೆ ಇಟ್ಟ ಸದ್ದು ಆಗುವವರೆಗೂ ಕೇಳಿಸಿಕೊಂಡೆವು.